ಪರ್ಮಿಟ್ಟಿನ ಲಾಭ ಎಲ್ಲಿಗೆ ಹೋಯಿತು? ಟಿಪ್ಪರ್ ಮಾಲೀಕರಿಗೊಂದು ಬಹಿರಂಗ ಪತ್ರ

ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಟಿಪ್ಪರ್ ಮಾಲೀಕ ಬಂಧುಗಳಿಗೆ,

ನಿಮ್ಮಂಥ ಗಾಡಿ ಮಾಲೀಕರ ವರ್ಷದ ಲೆಕ್ಕ ಬರೆಯುವುದು ನನ್ನ ಕಸುಬು. ಉಸುಕಿನ ದಂಧೆಯಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತದೆ ಎಂದು ರಾಯಚೂರಿನ ಗಂಜಿನಿಂದ ದೇವದುರ್ಗದ ಬಸ್ ನಿಲ್ದಾಣದವರೆಗೆ ಎಲ್ಲರೂ ಮಾತಾಡುತ್ತಾರೆ. ಪುಸ್ತಕ ತೆರೆದರೆ ನನಗೆ ಕಾಣುವುದು ಬೇರೆ. ಡೀಸೆಲ್, ಡ್ರೈವರ್ ಬಾಟಾ, ಟೈರು, ಫೈನಾನ್ಸ್ ಕಂತು, ಅದರ ಪಕ್ಕದಲ್ಲಿ ‘ಇತರೆ’ ಎಂಬ ಒಂದು ಕಾಲಂ. ಎಲ್ಲ ಕಳೆದ ಮೇಲೆ ಉಳಿಯುವುದು ಒಬ್ಬ ಒಳ್ಳೆಯ ಡ್ರೈವರಿನ ಸಂಬಳಕ್ಕಿಂತ ಹೆಚ್ಚೇನಲ್ಲ, ಎಷ್ಟೋ ತಿಂಗಳು ಅದೂ ಇಲ್ಲ. ಊರು ಹೇಳುವ ದುಡ್ಡು ಸುಳ್ಳಲ್ಲ, ಅದು ಇದೆ. ಆದರೆ ಅದು ನಿಮ್ಮ ಕೈಯಲ್ಲಿ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಐವತ್ತು ವರ್ಷಕ್ಕೂ ಹಿಂದೆಯೇ ಉತ್ತರ ಸಿಕ್ಕಿದೆ. ಅದನ್ನು ನಿಮ್ಮ ಮುಂದೆ ಇಡಲು ಈ ಪತ್ರ.

ಮೊದಲು ನಮಗೆಲ್ಲ ಗೊತ್ತಿರುವ ವ್ಯವಸ್ಥೆಯನ್ನು ಒಮ್ಮೆ ನೆನೆಯೋಣ. ದೇವದುರ್ಗಕ್ಕೆ ಕೃಷ್ಣೆ, ಮಾನ್ವಿಗೆ ತುಂಗಭದ್ರೆ. ಎರಡು ಹೊಳೆಗಳ ಉಸುಕಿಗೂ ರಾಯಚೂರು ನಗರ ದೊಡ್ಡ ಗಿರಾಕಿ. ಉಸುಕು ಉಪಖನಿಜ, ಅದರ ನಿಯಮ ಮಾಡುವ ಅಧಿಕಾರ ರಾಜ್ಯದ್ದು; ನಮ್ಮಲ್ಲಿ ಅದಕ್ಕೆ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ. ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೇ ಬೇಕೆಂದು 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಮರಳು ನೀತಿ ಹಳ್ಳ-ಕೊಳ್ಳಗಳ ಉಸುಕನ್ನು ಗ್ರಾಮ ಪಂಚಾಯ್ತಿಗೂ, ನಮ್ಮ ಭಾಗದ ನದಿಗಳ ಉಸುಕನ್ನು ಸರ್ಕಾರದ್ದೇ ಆದ ಹಟ್ಟಿ ಚಿನ್ನದ ಗಣಿ ಕಂಪನಿಗೂ ವಹಿಸಿತು. ಬ್ಲಾಕ್, ಸ್ಟಾಕ್ ಯಾರ್ಡ್, ರಾಯಲ್ಟಿ, ಪ್ರತಿ ಲೋಡಿಗೂ ಎಂಡಿಪಿ. ಇಷ್ಟೆಲ್ಲ ಕಟ್ಟುಪಾಡು ಬೇಡವೆಂದು ನಾನು ಹೇಳುವುದಿಲ್ಲ. ಮೇಲೆ ನಾರಾಯಣಪುರದ ಅಣೆಕಟ್ಟು, ಅತ್ತ ತುಂಗಭದ್ರಾ ಜಲಾಶಯ, ಎರಡೂ ಹೂಳನ್ನೂ ಉಸುಕನ್ನೂ ತಡೆದು ಇಟ್ಟುಕೊಳ್ಳುತ್ತವೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿರುವುದೇ ಅಲ್ಲೆಷ್ಟು ತುಂಬಿದೆ ಎಂಬುದಕ್ಕೆ ಸಾಕ್ಷಿ. ಕೆಳಗಿನ ಹೊಳೆಗೆ ಹೊಸ ಉಸುಕು ಮೊದಲಿನಂತೆ ಬರುವುದಿಲ್ಲ. ಆದ್ದರಿಂದ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಲೇಬೇಕು.

ಮಿತಿ ಹಾಕಿದ ಕೂಡಲೇ ಒಂದು ಸಂಗತಿ ಹುಟ್ಟುತ್ತದೆ. ಯಾರ್ಡಿನಲ್ಲಿ ಸರ್ಕಾರ ಗೊತ್ತು ಮಾಡಿದ ಒಂದು ದರ, ರಾಯಚೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟುವವನು ಕೊಡಲು ತಯಾರಿರುವ ಇನ್ನೊಂದು ದರ. ಈ ಎರಡರ ನಡುವಿನ ಅಂತರ ಯಾರ ದುಡಿಮೆಯಿಂದಲೂ ಬಂದದ್ದಲ್ಲ. ಪರ್ಮಿಟ್ ಚೀಟಿ ಯಾರ ಕೈಯಲ್ಲಿದೆಯೋ ಅವರಿಗೆ ಸಿಗುವ ಹೆಚ್ಚುವರಿ ಅದು. ಅರ್ಥಶಾಸ್ತ್ರಜ್ಞರು ಅದನ್ನು ‘ರೆಂಟ್’ ಎನ್ನುತ್ತಾರೆ, ಅದರ ಬೆನ್ನು ಹತ್ತುವುದನ್ನು ‘ರೆಂಟ್ ಸೀಕಿಂಗ್’ ಎನ್ನುತ್ತಾರೆ. 1967ರಲ್ಲಿ ಗಾರ್ಡನ್ ಟಲಕ್ ಎಂಬ ಅಮೆರಿಕದ ವಿದ್ವಾಂಸರು ಒಂದು ಸರಳ ಪ್ರಶ್ನೆ ಎತ್ತಿದರು: ಇಂಥ ಪುಕ್ಕಟೆ ಗಂಟು ಕಣ್ಣೆದುರಿಗೆ ಇದ್ದರೆ, ಅದನ್ನು ಹಿಡಿಯಲು ಜನ ಎಷ್ಟು ಖರ್ಚು ಮಾಡಿಯಾರು? ಗಂಟು ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೂ ಖರ್ಚಾಗಿ ಹೋಗಬಹುದು ಎಂಬುದು ಅವರ ಉತ್ತರ.

ಇದನ್ನು ನಮ್ಮ ಲೆಕ್ಕದಲ್ಲೇ ನೋಡೋಣ. ಸಂಖ್ಯೆಗಳು ತಿಳಿಯಲೆಂದು ನಾನು ಹಿಡಿದವು, ಯಾವುದೇ ಬ್ಲಾಕಿನವಲ್ಲ. ಒಂದು ಯಾರ್ಡಿನಿಂದ ತಿಂಗಳಿಗೆ 600 ಲೋಡಿಗೆ ಮಾತ್ರ ಪರ್ಮಿಟ್ ಇದೆ ಎನ್ನಿ. ಲೋಡೊಂದು ಹತ್ತು ಟನ್. ಯಾರ್ಡಿನ ದರ, ಡೀಸೆಲ್, ಡ್ರೈವರ್ ಎಲ್ಲ ಕಳೆದು ಪ್ರತಿ ಲೋಡಿಗೆ 10,000 ರೂಪಾಯಿ ಉಳಿಯುತ್ತದೆ. ಅಂದರೆ ತಿಂಗಳಿಗೆ 60 ಲಕ್ಷದ ಗಂಟು. ಮೊದಲ ವರ್ಷ 40 ಗಾಡಿ ಇವೆ. ಗಾಡಿಗೆ 15 ಟ್ರಿಪ್, 1.5 ಲಕ್ಷ. ಕಂತು, ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲ ಸೇರಿ 60,000 ಹೋದರೂ ಕೈಯಲ್ಲಿ 90,000. ಇದನ್ನು ಪಕ್ಕದ ಮನೆಯವನು ನೋಡುತ್ತಾನೆ. ಹೊಲ ಒತ್ತೆ ಇಟ್ಟು, ಹೆಂಡತಿಯ ಬಂಗಾರ ಇಟ್ಟು ಡೌನ್ ಪೇಮೆಂಟ್ ಕಟ್ಟಿ ಅವನೂ ಗಾಡಿ ತರುತ್ತಾನೆ. ಅವನನ್ನು ನೋಡಿ ಇನ್ನೊಬ್ಬ ತರುತ್ತಾನೆ. ಲಾಭ ಇರುವವರೆಗೆ ಗಾಡಿ ಬರುತ್ತಲೇ ಇರುತ್ತವೆ. 100 ಗಾಡಿ ಆದಾಗ ಒಂದೊಂದಕ್ಕೆ ಆರು ಟ್ರಿಪ್, 60,000 ರೂಪಾಯಿ, ಸರಿಯಾಗಿ ಕಂತಿನಷ್ಟು. ಅಲ್ಲಿಗೆ ಗಂಟು ಕರಗಿತು.

ಈಗ ಏನಾಗಿದೆ ನೋಡಿ. ಹೊಳೆಯಿಂದ ಬರುವ ಉಸುಕು ಅದೇ 600 ಲೋಡ್. ಪೇಟೆಯ ದರ ಒಂದು ರೂಪಾಯಿಯೂ ಇಳಿದಿಲ್ಲ, ಯಾಕೆಂದರೆ ಉಸುಕು ಹೆಚ್ಚಾಗಿಲ್ಲ. 40 ಗಾಡಿ ಮಾಡುತ್ತಿದ್ದ ಕೆಲಸವನ್ನು 100 ಗಾಡಿ ಮಾಡುತ್ತಿವೆ. ಹೆಚ್ಚಿನ 60 ಗಾಡಿಗಳು ಬೇವಿನ ಮರದ ಕೆಳಗೆ ನಿಂತು ತಿಂಗಳಿಗೆ 36 ಲಕ್ಷ ಕಂತು ತಿನ್ನುತ್ತಿವೆ. ಮಾನ್ವಿಯ ಕಡೆಯ ಒಬ್ಬ ಮಾಲೀಕರು ನನ್ನ ಮೇಜಿನ ಮುಂದೆ ಕೂತು ಹೇಳಿದ ಮಾತು: “ಗಾಡಿ ನಿಂತ್ರೂ ಕಂತು ನಿಲ್ಲಂಗಿಲ್ರೀ.” ಅವರು ಸೋಮಾರಿಯಲ್ಲ, ಜೂಜುಕೋರರೂ ಅಲ್ಲ. ಆರನೇ ಟ್ರಿಪ್ ಆದ ಮೇಲೆ ಅವರಿಗೆ ಸರದಿಯೇ ಬರುವುದಿಲ್ಲ, ಅಷ್ಟೇ.

ಟಲಕ್ ಅವರ ಮಾತನ್ನು ಭಾರತದ ಲೆಕ್ಕದಿಂದಲೇ ಗಟ್ಟಿ ಮಾಡಿದವರು ಆ್ಯನ್ ಕ್ರೂಗರ್. 1974ರ ಅವರ ಲೇಖನದ ಹೆಸರಿನಲ್ಲೇ ರೆಂಟ್ ಸೀಕಿಂಗ್ ಎಂಬ ಮಾತು ಮೊದಲ ಸಲ ಬಂತು. 1964ರಲ್ಲಿ ನಮ್ಮ ದೇಶದಲ್ಲಿ ಲೈಸೆನ್ಸು, ಕಂಟ್ರೋಲುಗಳಿಂದ ಹುಟ್ಟಿದ ಇಂಥ ಗಂಟು ರಾಷ್ಟ್ರೀಯ ಆದಾಯದ ಶೇ 7.3ರಷ್ಟಿತ್ತೆಂದು ಅವರು ಅಂದಾಜು ಮಾಡಿದರು. ಅದರಲ್ಲಿ ದೊಡ್ಡ ಪಾಲು ಆಮದು ಲೈಸೆನ್ಸಿನದು. ಕಚ್ಚಾಮಾಲಿನ ಲೈಸೆನ್ಸನ್ನು ಕಾರ್ಖಾನೆಯ ಸಾಮರ್ಥ್ಯ ನೋಡಿ ಹಂಚಿದರೆ ಏನಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಇರುವ ಯಂತ್ರಕ್ಕೇ ಕೆಲಸ ಇಲ್ಲದಿದ್ದರೂ ಮಾಲೀಕ ಇನ್ನೊಂದು ಯಂತ್ರ ಹಾಕುತ್ತಾನೆ; ಯಂತ್ರ ಮಾಲು ತಯಾರಿಸಲಿ ಬಿಡಲಿ, ಲೈಸೆನ್ಸನ್ನಂತೂ ತಂದುಕೊಡುತ್ತದೆ. ನಮ್ಮಲ್ಲಿ ಒಂದೊಂದು ಟಿಪ್ಪರ್ ಸರದಿಯಲ್ಲಿ ಒಂದೊಂದು ಚೀಟಿ. ಎರಡು ಗಾಡಿ ಇದ್ದರೆ ಎರಡು ಚೀಟಿ. ಉಸುಕು ಹೊರಲು ಬೇಕೆಂದು ಎರಡನೇ ಗಾಡಿ ಕೊಂಡವರು ಎಷ್ಟು ಜನ, ಸರದಿ ಹಿಡಿಯಲೆಂದು ಕೊಂಡವರು ಎಷ್ಟು ಜನ? ನಿಮ್ಮ ಸಂಘದಲ್ಲಿ ಈ ಪ್ರಶ್ನೆಯನ್ನು ಒಮ್ಮೆ ಮನಬಿಚ್ಚಿ ಕೇಳಿಕೊಳ್ಳಿ.

ಇನ್ನು ಆ ‘ಇತರೆ’ ಕಾಲಂ. ಸರದಿ ಬೇಗ ಬರಲಿ, ಗಾಡಿ ನಿಲ್ಲಿಸದಿರಲಿ ಎಂದು ಕೊಡುವ ಮಾಮೂಲು ಅದರಲ್ಲಿ ಕೂತಿದೆ. ಕೊಟ್ಟದ್ದು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುವ ದುಡ್ಡು, ಊರಿನ ಒಟ್ಟು ಗಂಟಿಗೆ ನಷ್ಟವಿಲ್ಲ ಎಂದು ವಾದಿಸುವವರಿದ್ದಾರೆ. ಅದು ಅಲ್ಲಿಗೆ ನಿಲ್ಲುವುದಿಲ್ಲ. ಮಾಮೂಲು ಬರುವ ಕುರ್ಚಿಗೂ ಬೆಲೆ ಹುಟ್ಟುತ್ತದೆ. ದಕ್ಷಿಣ ಭಾರತದ ಕಾಲುವೆ ನೀರಾವರಿಯ ಬಗ್ಗೆ ರಾಬರ್ಟ್ ವೇಡ್ ಮಾಡಿದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಎಂಜಿನಿಯರುಗಳು ಒಳ್ಳೆಯ ಜಾಗಕ್ಕೆ ವರ್ಗವಾಗಲು ದುಡ್ಡು ಕೊಡುತ್ತಾರೆ, ಆ ದುಡ್ಡನ್ನು ರೈತರಿಂದಲೂ ಗುತ್ತಿಗೆದಾರರಿಂದಲೂ ಎತ್ತುತ್ತಾರೆ, ಕೊಟ್ಟದ್ದು ಮೇಲಿನವರೆಗೆ ಹೋಗುತ್ತದೆ ಎಂದು ಅದರಲ್ಲಿ ಹಂತಹಂತವಾಗಿ ತೋರಿಸಿದ್ದಾರೆ. ಕಾಲುವೆಗೆ ಆದದ್ದು ಉಸುಕಿಗೆ ಆಗಲಾರದು ಎನ್ನಲು ನನಗೆ ಕಾರಣ ಕಾಣುತ್ತಿಲ್ಲ. ಕುರ್ಚಿಗೆ ಬೆಲೆ ಕಟ್ಟಿ ಬಂದವರು ಅದನ್ನು ವಸೂಲಿ ಮಾಡಲೇಬೇಕು. ಆಗ ಅವರಿಗೆ ನಿಯಮ ಸಡಿಲವಾಗಿದ್ದಷ್ಟೇ ಅಲ್ಲ, ಕಟುವಾಗಿಯೂ ಇರಬೇಕು. ಹಿಡಿಯಲು ಆಗದ ಗಾಡಿಯಿಂದ ಯಾರಿಗೂ ಏನೂ ಹುಟ್ಟುವುದಿಲ್ಲ.

ಸಾರ್ವಜನಿಕ ಆಯ್ಕೆ ಸಿದ್ಧಾಂತ ಎಂದು ಕರೆಯುವ ವಿಚಾರಸರಣಿ ಇಲ್ಲಿಂದಲೇ ಶುರುವಾಗುತ್ತದೆ. ಜೇಮ್ಸ್ ಬುಕಾನನ್ ಮತ್ತು ಟಲಕ್ 1962ರಲ್ಲಿ ಒಟ್ಟಿಗೆ ಬರೆದ ಪುಸ್ತಕ ಅದಕ್ಕೆ ಬುನಾದಿ. ಬುಕಾನನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಅಂಗಡಿಯಲ್ಲಿ ತನ್ನ ಲಾಭ ನೋಡುವ ಮನುಷ್ಯ ಕಚೇರಿಯ ಕುರ್ಚಿಯಲ್ಲಿ ಕೂತಾಗಲೂ, ಚುನಾವಣೆಗೆ ನಿಂತಾಗಲೂ, ಸಂಘದ ಅಧ್ಯಕ್ಷನಾದಾಗಲೂ ಅದೇ ಮನುಷ್ಯ ಎಂದು ಹಿಡಿದು ನಿಯಮ ಮಾಡಿರಿ ಎಂಬುದು ಅದರ ತಿರುಳು. ನಮ್ಮಲ್ಲಿ ಪ್ರತಿ ಸಲವೂ “ಒಬ್ಬ ಖಡಕ್ ಅಧಿಕಾರಿ ಬಂದರೆ ಎಲ್ಲ ಸರಿಹೋಗುತ್ತದೆ” ಎನ್ನುತ್ತೇವೆ. ಖಡಕ್ ಅಧಿಕಾರಿ ಬಂದು ನಾಲ್ಕು ತಿಂಗಳು ಗಾಡಿ ಹಿಡಿದರೆ ಪೇಟೆಯಲ್ಲಿ ಉಸುಕು ಕಡಿಮೆಯಾಗಿ ದರ ಏರುತ್ತದೆ. ಯಾರ್ಡಿನ ದರ ಅಷ್ಟೇ ಇರುತ್ತದೆ. ಅಂತರ ಇನ್ನೂ ಹಿಗ್ಗುತ್ತದೆ, ಅವರು ವರ್ಗವಾದ ದಿನ ಆ ಹಿಗ್ಗಿದ ಗಂಟಿಗೆ ಮುಗಿಬೀಳುವವರು ಹೆಚ್ಚಾಗಿರುತ್ತಾರೆ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಅವರಿಗೆ ನಾವು ಕೊಟ್ಟ ಕೆಲಸವೇ ಮುಗಿಯದಂಥದ್ದು.

ಕಂತು ಕಟ್ಟಲು ಆರು ಟ್ರಿಪ್ ಸಾಲದಿದ್ದಾಗ ಮೊದಲು ಬರುವುದು ಓವರ್‌ಲೋಡ್. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಆಮೇಲೆ ಒಂದೇ ಪರ್ಮಿಟ್ಟಿನ ಮೇಲೆ ಎರಡು ಟ್ರಿಪ್. ಆಮೇಲೆ ಪರ್ಮಿಟ್ಟೇ ಇಲ್ಲದೆ ರಾತ್ರಿ ಟ್ರಿಪ್. ಬಂಧುಗಳೇ, 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಉಸುಕು ಸಾಗಣೆ ತಡೆಯಲು ಹೋದ ಒಬ್ಬ ಗ್ರಾಮ ಲೆಕ್ಕಾಧಿಕಾರಿಯ ಮೇಲೆ ಲಾರಿ ಹರಿದು ಅವರು ಪ್ರಾಣ ಬಿಟ್ಟರು. ಸರ್ಕಾರಿ ನೌಕರಿಯ ಕೆಳಗಿನ ಮೆಟ್ಟಿಲಲ್ಲಿ ಇದ್ದವರು, ತಮ್ಮ ಕೆಲಸ ಮಾಡಲು ಹೋದವರು. ಆ ಸಾವಿಗೆ ಯಾವ ಅರ್ಥಶಾಸ್ತ್ರವೂ ಸಮಜಾಯಿಷಿಯಲ್ಲ. ಆದರೆ ಪರ್ಮಿಟ್ಟಿಲ್ಲದ ಒಂದು ಲೋಡಿನ ಮೇಲೆ ಒಂದು ರಾತ್ರಿಗೆ ಇಷ್ಟು ದುಡ್ಡು ಯಾಕೆ ತೂಗುತ್ತಿತ್ತು ಎಂದು ಕೇಳದೆ ಮುಂದೆ ಹೋದರೆ ಅವರಿಗೆ ನಾವು ನ್ಯಾಯ ಮಾಡಿದಂತೆ ಆಗುವುದಿಲ್ಲ.

ನಿಮ್ಮ ಸಂಘದ ಬಲದ ಬಗ್ಗೆ ಒಂದು ಮಾತು. ತಪಾಸಣೆ ಬಿಗಿಯಾದರೆ ನೀವು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡಬಲ್ಲಿರಿ, ಬೆಂಗಳೂರಿಗೂ ಹೋಗಬಲ್ಲಿರಿ. ಮನೆ ಕಟ್ಟುವವರು ಹೋಗುವುದಿಲ್ಲ. ಮ್ಯಾನ್ಕರ್ ಓಲ್ಸನ್ 1965ರಲ್ಲಿ ಇದಕ್ಕೆ ಕಾರಣ ಬರೆದರು: ಕೆಲವೇ ಜನ, ತಲೆಗೆ ದೊಡ್ಡ ಲಾಭ ಇದ್ದರೆ ಸಂಘ ಕಟ್ಟುವುದು ಸುಲಭ, ಸಾವಿರಾರು ಜನ, ತಲೆಗೆ ಸಣ್ಣ ನಷ್ಟ ಇದ್ದರೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ದೇವದುರ್ಗದ ಒಂದು ಹಳ್ಳಿಯಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ 1.20 ಲಕ್ಷ ಸಹಾಯಧನ ಪಡೆದು ಎರಡು ಕೋಣೆಯ ಮನೆ ಕಟ್ಟುವ ಹೆಣ್ಣುಮಗಳನ್ನು ನೆನೆಯಿರಿ. ಅಷ್ಟು ಸಣ್ಣ ಮನೆಗೆ ಸುಮಾರು 20 ಟನ್ ಉಸುಕು ಬೇಕು, ನಮ್ಮ ಲೆಕ್ಕದ ಎರಡು ಲೋಡ್. ಅಂತರದ ಹೆಸರಿನಲ್ಲಿ ಆಕೆಯಿಂದ 20,000 ಹೋಗುತ್ತದೆ. ಸರ್ಕಾರ ಕೊಟ್ಟ ಸಬ್ಸಿಡಿಯ ಆರನೇ ಒಂದು ಪಾಲು ಪರ್ಮಿಟ್ಟಿನ ಗಂಟಿಗೆ ಸೇರಿತು. ಆಕೆ ಜೀವಮಾನದಲ್ಲಿ ಮನೆ ಕಟ್ಟುವುದು ಒಂದೇ ಸಲ. ಅದಕ್ಕಾಗಿ ಯಾವ ಸಂಘ ಸೇರಬೇಕು? ಹೊಳೆಯ ದಂಡೆಯ ರೈತನದೂ ಇದೇ ಕಥೆ. ಹೊಳೆಯ ತಳ ಇಳಿದಂತೆ ಅವನ ಬಾವಿಯ ನೀರೂ ಇಳಿಯುತ್ತದೆ, ಪಂಪ್‌ಸೆಟ್ಟಿನ ಪೈಪ್ ನೀರು ಬಿಟ್ಟು ಮೇಲೆ ನಿಲ್ಲುತ್ತದೆ. ಅದು ಉಸುಕಿನಿಂದಲೇ ಆಯಿತೆಂದು ಅವನು ಯಾವ ಕಚೇರಿಯಲ್ಲಿ ಸಾಬೀತು ಮಾಡಿಯಾನು? ಗಂಟಿನ ಬೆಲೆ ಕೊಡುವವರು ಇವರು. ಅದನ್ನು ಉಳಿಸಲು ಹೋರಾಡುವವರು ನೀವು. ಅದರಿಂದ ಉಳಿಯುವುದು ನಿಮಗೂ ಏನಿಲ್ಲ.

ಉಳಿಯದಿದ್ದರೂ ಹೋರಾಡುತ್ತೀರಿ, ಯಾಕೆ? ಇದಕ್ಕೂ ಟಲಕ್ 1975ರಲ್ಲಿ ಉತ್ತರ ಹೇಳಿದ್ದಾರೆ. ಮೊದಲು ಬಂದ 40 ಜನಕ್ಕೆ ನಿಜವಾಗಿ ಲಾಭ ಆಯಿತು. ಆಮೇಲೆ ಬಂದವರು ಆ ಲಾಭದ ಆಸೆಯನ್ನು ಬೆಲೆ ಕೊಟ್ಟು ಕೊಂಡವರು. ವ್ಯವಸ್ಥೆ ಮುಂದುವರಿದರೆ ಅವರಿಗೆ ಬರುವುದು ಸಾಮಾನ್ಯ ಕೂಲಿ. ನಿಂತರೆ ಬರುವುದು ದಿವಾಳಿ. ಆದ್ದರಿಂದ ಲಾಭವಿಲ್ಲದ ವ್ಯವಸ್ಥೆಯನ್ನು ಅವರು ಜೀವ ಕೊಟ್ಟು ಕಾಯುತ್ತಾರೆ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಪಾಡು ಇದೇ. 1937ರಿಂದ ಅಲ್ಲಿ ಟ್ಯಾಕ್ಸಿ ಲೈಸೆನ್ಸಿನ ಸಂಖ್ಯೆಗೆ ಮಿತಿ ಇದೆ. ಒಂದು ಲೈಸೆನ್ಸಿನ ಬೆಲೆ ಹತ್ತು ಲಕ್ಷ ಡಾಲರ್ ದಾಟಿತು. ವಲಸೆ ಬಂದ ಚಾಲಕರು, ನಮ್ಮ ಉಪಖಂಡದವರೂ ಸೇರಿ, ಸಾಲ ಮಾಡಿ ಕೊಂಡರು. ಆ್ಯಪ್ ಟ್ಯಾಕ್ಸಿಗಳು ಬಂದ ಮೇಲೆ ಬೆಲೆ ಕುಸಿದು ಸಾಲ ಮಾತ್ರ ಉಳಿಯಿತು, ಆತ್ಮಹತ್ಯೆಗಳಾದವು. 2021ರಲ್ಲಿ ಅವರು ಉಪವಾಸ ಕೂತು ಸಾಲಕ್ಕೆ ಪರಿಹಾರ ಪಡೆಯಬೇಕಾಯಿತು. ಲೈಸೆನ್ಸ್ ಪದ್ಧತಿಯ ಲಾಭ ಮೊದಲು ಮಾರಿ ಹೋದವರದು, ಸಾಲ ಕೊನೆಗೆ ಕೊಂಡವರದು.

ಹಾಗಾದರೆ ಏನು ಕೇಳಬೇಕು? ಹೊಳೆಗೆ ಮಿತಿ ಇರುವವರೆಗೆ ಅಂತರ ಇದ್ದೇ ಇರುತ್ತದೆ, ಅದನ್ನು ಮಾಯ ಮಾಡಲಾಗದು. ಅದು ಯಾರಿಗೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಮಾತ್ರ ನಿಯಮ ತೀರ್ಮಾನಿಸಬಹುದು. ನನ್ನ ತಿಳಿವಳಿಕೆಯಲ್ಲಿ ಮೊದಲು ಬದಲಾಗಬೇಕಾದದ್ದು ಚೀಟಿ ಯಾರ ಹೆಸರಿಗೆ ಎಂಬುದು. ಅದು ಗಾಡಿಗೆ ಸಿಗುವವರೆಗೆ ಗಾಡಿ ಹೆಚ್ಚುತ್ತಲೇ ಹೋಗುತ್ತವೆ. ಉಸುಕನ್ನು ಮನೆ ಕಟ್ಟುವವರೇ ನೇರವಾಗಿ ಕಾಯ್ದಿರಿಸಿ, ಹಣ ಕಟ್ಟಿ, ತಮಗೆ ಬೇಕಾದ ಗಾಡಿಯನ್ನು ಕಿಲೋಮೀಟರ್ ಬಾಡಿಗೆಗೆ ಹಿಡಿಯುವಂತಾಗಬೇಕು. ಹೊಳೆಯಾಚೆಯ ತೆಲಂಗಾಣದಲ್ಲಿ ಖನಿಜ ಅಭಿವೃದ್ಧಿ ನಿಗಮ ಆನ್‌ಲೈನಿನಲ್ಲಿ ಗಿರಾಕಿಗಳಿಂದ ಬುಕಿಂಗ್ ಪಡೆದು ಯಾರ್ಡಿನಿಂದ ಮಾರುವ ವ್ಯವಸ್ಥೆ ವರ್ಷಗಳಿಂದ ಇದೆ. ಆಗ ನಿಮಗೆ ಸಿಗುವುದು ಸಾಗಣೆಯ ಕೂಲಿ. ಉಸುಕಿಲ್ಲದ ದಿನ ಜಲ್ಲಿ, ಇಟ್ಟಿಗೆ, ಭತ್ತ ಹೊರಲು ಅದೇ ಗಾಡಿ ಆಗುತ್ತದೆ.

ಅಷ್ಟೇ ಮಾಡಿ ದರವನ್ನು ತೀರಾ ಕಡಿಮೆ ಇಟ್ಟರೆ ಕಳ್ಳತನ ಗಿರಾಕಿಯ ಕಡೆಗೆ ದಾಟುತ್ತದೆ. ಇಲ್ಲದ ಮನೆಗಳ ಹೆಸರಿನಲ್ಲಿ ಬುಕಿಂಗ್ ಆಗುತ್ತದೆ, ಚೀಟಿ ಮಾರುವ ಏಜೆಂಟರು ಹುಟ್ಟುತ್ತಾರೆ. ಆದ್ದರಿಂದ ಯಾರ್ಡಿನ ದರ ಪೇಟೆಯ ದರದ ಹತ್ತಿರವೇ ಇರಬೇಕು. ಯಾರ್ಡಿಗೆ ಬಂದು ಬಿದ್ದ ಉಸುಕನ್ನು ವಾರವಾರ ಹರಾಜು ಹಾಕಿದರೆ ಆ ದರ ತಾನೇ ಗೊತ್ತಾಗುತ್ತದೆ. ಹೊಳೆಯ ಬ್ಲಾಕನ್ನೇ ಹರಾಜು ಹಾಕಬಾರದು. ಬ್ಲಾಕ್ ಹಿಡಿದವನು ಕೊಟ್ಟ ದುಡ್ಡು ವಸೂಲಿ ಮಾಡಲು ಮೂರು ಮೀಟರಿನ ಮಿತಿ ಮೀರಿ ಹಿಟಾಚಿ ಇಳಿಸುತ್ತಾನೆ. ಹರಾಜಿನಿಂದ ಬಡವರಿಗೆ ಉಸುಕು ದುಬಾರಿಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಈಗಲೂ ಅವರು ಪೇಟೆಯ ದರವನ್ನೇ ಕೊಡುತ್ತಿದ್ದಾರೆ. ಆ ಹಣ ಪಂಚಾಯ್ತಿಗೆ ಬಂದರೆ ಅದರಲ್ಲೇ ಆವಾಸ್ ಮನೆಯ ಫಲಾನುಭವಿಗೆ 20,000 ಸೇರಿಸಿ ಕೊಡಬಹುದು, ದಂಡೆಯ ರೈತನಿಗೆ ಬಾವಿ ಆಳ ಮಾಡಿಸಬಹುದು.

ಇದು ನಡೆದರೆ ನಮ್ಮ ಲೆಕ್ಕದ 100 ಗಾಡಿಯಲ್ಲಿ 60ಕ್ಕೆ ಉಸುಕಿನ ಕೆಲಸ ಇರುವುದಿಲ್ಲ. ಇದನ್ನು ಮುಚ್ಚಿಟ್ಟು ಸುಧಾರಣೆಯ ಮಾತಾಡುವವರನ್ನು ನಂಬಬೇಡಿ. ಕೊನೆಗೆ ಗಾಡಿ ಕೊಂಡವರ ಸಾಲಕ್ಕೆ ಎರಡು ವರ್ಷದ ಸಮಯ, ಬಡ್ಡಿಯಲ್ಲಿ ರಿಯಾಯಿತಿ, ಪಂಚಾಯ್ತಿಯ ಹರಾಜು ಹಣದಲ್ಲಿ ಒಂದು ಪಾಲು ಎಂದು ಸುಧಾರಣೆಯ ಜೊತೆಗೇ ಕೇಳಿ. ಅದು ನ್ಯಾಯವಾದ ಬೇಡಿಕೆ, ನಾನೂ ಸಹಿ ಹಾಕುತ್ತೇನೆ.

ಅಲ್ಲಿಯವರೆಗೆ ನೀವೇ ಮಾಡಬಹುದಾದ ಒಂದು ಕೆಲಸವಿದೆ. ಯಾರ್ಡಿನ ದರ, ರಾಯಚೂರಿನಲ್ಲಿ ಇಳಿಸಿದ ದರ, ಆ ದಿನ ಎಷ್ಟು ಎಂಡಿಪಿ ಬಂತು, ಎಷ್ಟು ಗಾಡಿ ಸರದಿಯಲ್ಲಿ ನಿಂತಿದ್ದವು, ಈ ನಾಲ್ಕು ಸಂಖ್ಯೆಯನ್ನು ಸಂಘದ ಬಾಗಿಲಿಗೆ ವಾರಕ್ಕೊಮ್ಮೆ ಬರೆದು ಹಾಕಿ. ಮಳೆಗಾಲದಲ್ಲಿ ಹೊಳೆ ಬಂದಾಗ ಅಂತರ ಎಷ್ಟು ಹಿಗ್ಗುತ್ತದೆ, ತಪಾಸಣೆ ಬಿಗಿಯಾದಾಗ ಎಷ್ಟು, ಸಡಿಲವಾದಾಗ ಎಷ್ಟು ಎಂಬುದು ಒಂದೇ ವರ್ಷದಲ್ಲಿ ಕಾಣುತ್ತದೆ. ಅಂತರ ಹಿಗ್ಗಿದ ವಾರಗಳಲ್ಲಿ ಯಾರ ಗಾಡಿಗೆ ಸರದಿ ಬಂತು ಎಂಬುದೂ ಕಾಣುತ್ತದೆ. ಜಿಲ್ಲಾ ಮರಳು ಸಮಿತಿಯ ಮುಂದಿನ ಸಭೆಗೆ ಮನವಿಯ ಜೊತೆ ಆ ಹಾಳೆಗಳನ್ನೂ ಒಯ್ಯಿರಿ. ಲೆಕ್ಕ ಜೋಡಿಸಿ ಕೊಡುವ ಕೆಲಸ ನನ್ನದು, ಅದಕ್ಕೆ ಫೀಸು ಬೇಡ.

ನಿಮ್ಮವನೇ ಆದ
ಒಬ್ಬ ಲೆಕ್ಕಿಗ, ರಾಯಚೂರು